ಬೇಸಿಗೆಯಲ್ಲಿ ಒಂದು ಹೂ, ಚಳಿಗಾಲದಲ್ಲಿ ಇನ್ನೊಂದು: ಈ ಮಲ್ಲಿಗೆಯ ಹೆಸರೇನು, ಯಾವಾಗ ಸವರಬೇಕು?

ಮೂರನೇ ಮಹಡಿ (ಜನವರಿ 14)

ಗಿಡ ಕೊಟ್ಟ ನರ್ಸರಿ ಅಣ್ಣನಿಗೆ ಬರೆದದ್ದನ್ನೇ ಇಲ್ಲಿ ಹಾಕುತ್ತಿದ್ದೇನೆ. ಅವರೂ ಇಲ್ಲೇ ಇರುತ್ತಾರೆ, ತಿಳಿದವರು ಬೇರೆಯವರೂ ನೋಡಲಿ ಅಂತ.

ಅಣ್ಣಾ, ನಮಸ್ಕಾರ. ಹದಿನಾಲ್ಕು ತಿಂಗಳ ಹಿಂದೆ ನಿಮ್ಮಲ್ಲಿ ದುಂಡು ಮಲ್ಲಿಗೆ ಅಂತ ತಂದ ಗಿಡದ ಆರು ಚಿತ್ರ ಕಳಿಸಿದ್ದೇನೆ. ಚೀಟಿಯ ಮೇಲಿನ ಅಕ್ಷರ ಮಳೆಗೆ ಅಳಿಸಿಹೋಗಿದೆ. ಹನ್ನೆರಡು ಇಂಚಿನ ಕುಂಡ. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ ನೆಟ್ಟಿದ್ದೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಬಿಸಿಲಿದೆ.

ಹೋದ ಏಪ್ರಿಲ್‌ನಲ್ಲಿ ಹತ್ತಿಪ್ಪತ್ತು ಹೂ ಬಿಟ್ಟಿತು. ದಪ್ಪ ಮೊಗ್ಗು, ಘಮ ಚೆನ್ನಾಗಿತ್ತು. ಮಲ್ಲಿಗೆಯನ್ನು ನವೆಂಬರ್ ಕೊನೆಗೆ ಸವರಬೇಕೆಂದು ಓದಿ, ಇಡೀ ಗಿಡವನ್ನು ಮಣ್ಣಿನಿಂದ ಒಂದೂವರೆ ಅಡಿಗೆ ಕತ್ತರಿಸಿದೆ. ಈಗ ಜನವರಿಯಲ್ಲಿ ಅಲ್ಲೊಂದು ಇಲ್ಲೊಂದು ಹೂ ಬರುತ್ತಿದೆ. ಅದು ಬೇಸಿಗೆಯ ಹೂವಿನ ಹಾಗಿಲ್ಲ. ಮೊಗ್ಗು ತೆಳ್ಳಗೆ ಉದ್ದ, ಎಸಳು ಚೂಪು, ವಾಸನೆ ಮೂಗಿಗೆ ಹಿಡಿದರೂ ಅಷ್ಟಕ್ಕಷ್ಟೆ. ಒಂದೇ ಗಿಡ ಬೇಸಿಗೆಗೊಂದು ಚಳಿಗೊಂದು ಹೂ ಬಿಡುವುದುಂಟೆ? ಹೊಸ ಎಲೆಗಳು ಹಳದಿಯಾಗಿಯೂ ಬರುತ್ತಿವೆ. ತಿಂಗಳಿಗೊಮ್ಮೆ ಒಂದು ಹಿಡಿ ಒಲೆ ಬೂದಿ ಹಾಕುತ್ತೇನೆ.

ಚಿತ್ರ 1 ಇಡೀ ಗಿಡ. 2 ಎಲೆಯ ಮೇಲ್ಭಾಗ. 3 ಎಲೆಯ ಬೆನ್ನು. 4 ಕುಡಿಯ ಹತ್ತಿರದ ಕಾಂಡ. 5 ಮೊಗ್ಗು. 6 ಅರಳಿದ ಹೂ. ಇದರ ಸರಿಯಾದ ಹೆಸರೇನು, ಸವರುವ ಕಾಲ ಯಾವುದು ಅಂತ ತಿಳಿಸಿ.

ಹಸಿರು ಕೈ (ಜನವರಿ 14)

ನಾಲ್ಕನೇ ಚಿತ್ರ ನೋಡಿದರೆ ಸಾಕು. ಕಾಂಡದ ಮೇಲೆ ರೋಮ ಇದೆ. ರೋಮ ಇದ್ದರೆ ಕಾಕಡ, ಇಲ್ಲದಿದ್ದರೆ ದುಂಡು ಮಲ್ಲಿಗೆ. ನಿಮ್ಮದು ಕಾಕಡ. ಬೇಸಿಗೆಯ ಹೂವಿನ ಬಗ್ಗೆ ನಿಮಗೇ ಸರಿಯಾಗಿ ನೆನಪಿಲ್ಲವೇನೋ. ಎಳೆಯ ಗಿಡದ ಮೊದಲ ಹೂ ಬೇರೆ ತರಹ ಇರುವುದೂ ಉಂಟು.

ದಿನಕ್ಕೊಂದು ಕುಂಡ (ಜನವರಿ 14)

ಮೊಗ್ಗು ಸೂಜಿಯ ಹಾಗಿದೆ, ಇದು ಸೂಜಿ ಮಲ್ಲಿಗೆ. ಎಲೆ ಹಳದಿಗೆ ಎಪ್ಸಮ್ ಸಾಲ್ಟ್ ಹಾಕಿ, ಲೀಟರಿಗೆ ಒಂದು ಚಮಚ. ವಾರದಲ್ಲಿ ಹಸಿರಾಗುತ್ತದೆ.

ಗಿಡದಂಗಡಿ (ಜನವರಿ 15)

ಅಕ್ಕಾ, ಚಿತ್ರ ನೋಡಿದೆ. ಆರನೆಯದು ಕಾಕಡದ ಹೂವೇ. ಎಸಳು ಕಿರಿದು, ತುದಿ ಚೂಪು, ಅರಳಿದಾಗ ನಕ್ಷತ್ರದ ಹಾಗೆ ಬಿಚ್ಚಿಕೊಳ್ಳುತ್ತದೆ. ಕಾಲವೂ ಹೊಂದುತ್ತದೆ, ಚಳಿ ಶುರುವಾದ ಮೇಲೆ ಅದು ಜೋರು ಬಿಡುತ್ತದೆ. ಸೂಜಿ ಮಲ್ಲಿಗೆ ಆಗಿದ್ದರೆ ಎಲೆಯ ತೊಟ್ಟಿನ ಬಳಿ ಇಲಿಯ ಕಿವಿಯಂಥ ಎರಡು ಪುಟ್ಟ ಎಲೆ ಇರುತ್ತವೆ. ಎರಡನೇ ಚಿತ್ರದಲ್ಲಿ ಅವಿಲ್ಲ. ಜಾಜಿಯೂ ಅಲ್ಲ, ಜಾಜಿಗೆ ಒಂದು ಕಡ್ಡಿಯಲ್ಲಿ ಐದೇಳು ಎಲೆ ಎದುರುಬದುರು ಜೋಡಿಸಿದ ಹಾಗೆ ಇರುತ್ತದೆ.

ಆದರೆ ಏಪ್ರಿಲ್‌ನಲ್ಲಿ ದಪ್ಪ ಮೊಗ್ಗು, ಘಮ ಅಂತೀರಲ್ಲ, ಅದು ಕಾಕಡಕ್ಕೆ ಕೂಡಿಬರುವುದಿಲ್ಲ. ಸದ್ಯ ಹೆಸರು ಖಚಿತ ಮಾಡುವುದಿಲ್ಲ. ಮೊಗ್ಗನ್ನು ಇನ್ನೂ ಹತ್ತಿರದಿಂದ, ಬುಡದ ಹಸಿರು ಬಟ್ಟಲು ಕಾಣುವ ಹಾಗೆ ಒಂದು ಚಿತ್ರ ಕಳಿಸಿ. ನಾನು ದುಂಡು ಅಂತಲೇ ಕೊಟ್ಟಿದ್ದು. ತಪ್ಪಾಗಿದ್ದರೆ ಒಪ್ಪಿಕೊಳ್ಳುತ್ತೇನೆ.

ಗೆಣ್ಣು ಎಣಿಸುವವ (ಜನವರಿ 15)

ಚಿತ್ರ 3 ಮತ್ತು ಚಿತ್ರ 4 ಒಂದೇ ಗಿಡದವಲ್ಲ ಅಂತ ನನಗೆ ಅನಿಸುತ್ತಿದೆ. ಮೂರನೆಯದನ್ನು ದೊಡ್ಡದು ಮಾಡಿ ನೋಡಿ. ಎಲೆಯ ಬೆನ್ನು ಹೆಚ್ಚುಕಡಿಮೆ ನುಣುಪು. ನಡು ನರದಿಂದ ಪಕ್ಕದ ನರ ಕವಲೊಡೆಯುವ ಕಂಕುಳಲ್ಲಿ ಮಾತ್ರ ಒಂದೊಂದು ಚಿಕ್ಕ ರೋಮದ ಗುಚ್ಛ ಇದೆ. ಅದು ದುಂಡು ಮಲ್ಲಿಗೆಯ ಗುರುತು. ನಾಲ್ಕನೆಯದರಲ್ಲಿ ಕುಡಿ ಪೂರ್ತಿ ಬೂದು ಮಖಮಲ್ಲಿನ ಹಾಗಿದೆ, ಅದು ಕಾಕಡ. ಒಂದು ಗಿಡದಲ್ಲಿ ಇವೆರಡೂ ಇರಲು ಸಾಧ್ಯವಿಲ್ಲ. ಆದರೆ ಒಂದು ಕುಂಡದಲ್ಲಿ ಇರಬಹುದು.

ಹಸಿರು ಕೈ ಅವರ ಮಾತು ಅರ್ಧ ಸರಿ. ದುಂಡು ಮಲ್ಲಿಗೆಯ ಎಳೆ ಕುಡಿಯಲ್ಲೂ ತೆಳುವಾಗಿ ರೋಮ ಇರುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಕಾಕಡದ ಬಲಿತ ಎಲೆಯ ಮೇಲ್ಭಾಗದ ರೋಮ ಉದುರಿ ನುಣುಪೂ ಆಗುತ್ತದೆ. ಆದ್ದರಿಂದ ರೋಮ ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಎಷ್ಟು ದಟ್ಟ, ಎಲ್ಲಿ ಇದೆ ಅನ್ನುವುದನ್ನು ನೋಡಬೇಕು. ಬೆರಳಿನಿಂದ ಕುಡಿಯನ್ನು ಸವರಿದರೆ ಕಾಕಡ ಬಟ್ಟೆ ಮುಟ್ಟಿದ ಹಾಗಿರುತ್ತದೆ, ದುಂಡು ಹಾಗಿರುವುದಿಲ್ಲ.

ಅಕ್ಕಾ, ಒಂದು ಕೆಲಸ ಮಾಡಿ. ಮಣ್ಣಿನ ಮಟ್ಟದಲ್ಲಿ ಎಷ್ಟು ಕಾಂಡ ಮೇಲೆ ಬಂದಿವೆ ಅಂತ ಎಣಿಸಿ. ಮೇಲಿನ ಒಂದಂಗುಲ ಮಣ್ಣು ಬೆರಳಿನಿಂದ ಸರಿಸಿ ನೋಡಬೇಕು. ಎರಡು ಕಾಂಡ ಕೆಳಗೆ ಒಂದೇ ಆಗಿರಬಹುದು, ಒಂದೇ ಅನಿಸಿದ್ದು ಎರಡಿರಬಹುದು. ಒಂದೊಂದು ಕಾಂಡಕ್ಕೂ ಬೇರೆ ಬಣ್ಣದ ದಾರ ಬುಡದಲ್ಲಿ ಸಡಿಲವಾಗಿ ಕಟ್ಟಿ. ಅಲ್ಲಿಂದ ಕಾಂಡವನ್ನು ಕೈಯಲ್ಲೇ ಹಿಡಿದು ತುದಿಯವರೆಗೆ ಹೋಗಿ, ತುದಿಗೂ ಅದೇ ಬಣ್ಣದ ದಾರ ಕಟ್ಟಿ. ರೇಲಿಂಗಿಗೆ ಹಬ್ಬಿದ ಮಲ್ಲಿಗೆ ಹೆಣೆದುಕೊಂಡಿರುತ್ತದೆ, ಕಣ್ಣಳತೆಯಲ್ಲಿ ಹಿಂಬಾಲಿಸಿದರೆ ತಪ್ಪುತ್ತದೆ.

ಆಮೇಲೆ ಪ್ರತಿ ಬಣ್ಣಕ್ಕೂ ಮೂರು ಚಿತ್ರ ಸಾಕು. ಕುಡಿಯಿಂದ ಮೂರನೇ ಗೆಣ್ಣಿನ ಎಲೆಯ ಬೆನ್ನು, ಕುಡಿಯ ಕಾಂಡವನ್ನು ಬೆಳಕಿಗೆ ಎದುರು ಹಿಡಿದದ್ದು, ಮೊಗ್ಗಿದ್ದರೆ ಅದರ ಬುಡ. ಮೂರರಲ್ಲೂ ದಾರ ಕಾಣಿಸಲಿ. ಬೆಳಿಗ್ಗೆ ನೆರಳಿನಲ್ಲಿ ತೆಗೆಯಿರಿ, ಎಲೆಯ ಪಕ್ಕ ಒಂದು ಬಿಳಿ ಕಾಗದ ಇಡಿ. ಈಗಿನ ಚಿತ್ರಗಳು ಸಂಜೆ ಬಿಸಿಲಿನವು. ಎಲ್ಲವೂ ಹಳದಿಯಾಗಿ ಕಾಣುತ್ತಿವೆ, ಗೋಡೆ ಕೂಡ. ಎಲೆಯ ಹಳದಿ ನಿಜವಾದದ್ದೋ ಬೆಳಕಿನದೋ ಅಂತ ಈ ಚಿತ್ರಗಳಿಂದ ಹೇಳಲಾಗದು.

ಬಾಲ್ಕನಿ ಬಳ್ಳಿ (ಜನವರಿ 15)

ರೋಮದ ಮಾತು ಬಂತಲ್ಲ, ನನ್ನ ಮಲ್ಲಿಗೆಯಲ್ಲೂ ಎಲೆ, ಕುಡಿ ಎಲ್ಲ ಬಿಳಿ ಹತ್ತಿ ಅಂಟಿಸಿದ ಹಾಗಾಗಿದೆ. ಎಲೆ ಸೊಟ್ಟಗಾಗಿದೆ, ಮೊಗ್ಗೇ ಇಲ್ಲ. ನನ್ನದೂ ಕಾಕಡವೇ ಹಾಗಾದರೆ?

ಗೆಣ್ಣು ಎಣಿಸುವವ (ಜನವರಿ 15)

ಬಾಲ್ಕನಿ ಬಳ್ಳಿಯವರೇ, ಅದು ಜಾತಿಯ ಗುರುತಲ್ಲ, ರೋಗದ ಗುರುತು. ಹುಟ್ಟಿನಿಂದ ಬಂದ ರೋಮ ಎಲ್ಲ ಎಲೆಯಲ್ಲೂ ಒಂದೇ ಸಮ ಇರುತ್ತದೆ, ಎಲೆಯ ಆಕಾರ ಕೆಡುವುದಿಲ್ಲ. ನಿಮ್ಮದು ತೇಪೆ ತೇಪೆಯಾಗಿ ಇದೆ, ಎಲೆ ಮುರುಟಿದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ರಸ ಹೀರಿದ್ದಕ್ಕೆ ಎಲೆಯೇ ಬೆಳೆಸಿಕೊಂಡ ತುಪ್ಪಟ. ಹಿಟ್ಟು ತಿಗಣೆ ಅಂತ ತಿಳಿದು ಸೋಪಿನ ನೀರು ಹೊಡೆಯುವವರು ಬಹಳ. ಹಿಟ್ಟು ತಿಗಣೆಯಾದರೆ ಉಗುರಿನಲ್ಲಿ ಕೆರೆದರೆ ಬರುತ್ತದೆ, ಇದು ಎಲೆಗೆ ಅಂಟಿಕೊಂಡೇ ಇರುತ್ತದೆ.

ಬಾಧೆ ಬಿದ್ದ ಕುಡಿಗಳನ್ನು ಎರಡು ಗೆಣ್ಣು ಕೆಳಗೆ ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ, ಗೊಬ್ಬರದ ಗುಂಡಿಗೆ ಬೇಡ. ಕತ್ತರಿಯನ್ನೂ ಕೈಯನ್ನೂ ತೊಳೆದುಕೊಂಡೇ ಪಕ್ಕದ ಗಿಡ ಮುಟ್ಟಿ. ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಬೆರೆಸಿ ಸಂಜೆ ಸಿಂಪಡಿಸಿ, ಸುಡುಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮುಂದಿನದನ್ನು ಬೇರೆ ಚರ್ಚೆಯಲ್ಲಿ ಕೇಳಿ, ಇಲ್ಲಿ ಎರಡೂ ಬೆರೆತರೆ ಓದುವವರಿಗೆ ಗೊಂದಲ.

ಮೂರನೇ ಮಹಡಿ (ಜನವರಿ 18)

ನೀವು ಹೇಳಿದ ಹಾಗೆ ಮಣ್ಣು ಸರಿಸಿ ನೋಡಿದೆ. ಮೂರು ಕಾಂಡ ಇವೆ, ಮೂರೂ ಬೇರೆ ಬೇರೆ. ಕೆಂಪು, ನೀಲಿ, ಬಿಳಿ ದಾರ ಕಟ್ಟಿದ್ದೇನೆ.

ಕೆಂಪು ಮತ್ತು ನೀಲಿ ಒಂದೇ ತರಹ. ಕುಡಿ ಮುಟ್ಟಿದರೆ ಮೆತ್ತಗೆ, ಬೆಳಕಿಗೆ ಹಿಡಿದರೆ ಅಂಚಿನುದ್ದಕ್ಕೂ ಬಿಳಿ ಗೆರೆ. ಎಲೆ ಮಂಕು ಹಸಿರು. ಹೂ ಇರುವುದು ಇವೆರಡರಲ್ಲೇ. ಮೊಗ್ಗಿನ ಬುಡದ ಬಟ್ಟಲಿನಿಂದ ಎದ್ದ ಎಳೆಗಳು ಉದ್ದ, ಅವುಗಳ ಮೇಲೂ ದಟ್ಟ ರೋಮ.

ಬಿಳಿ ದಾರದ್ದು ಒಂಟಿ. ಎಲೆ ಅಗಲ, ಹಸಿರು ಗಾಢ, ನರಗಳು ಮೇಲ್ಭಾಗದಲ್ಲಿ ಒಳಗಿಳಿದಂತೆ ಇವೆ. ಬೆನ್ನಿನ ಕಂಕುಳಲ್ಲಿ ಆ ರೋಮದ ಗುಚ್ಛ ಸ್ಪಷ್ಟವಾಗಿ ಕಂಡಿತು. ಹೂವೂ ಇಲ್ಲ ಮೊಗ್ಗೂ ಇಲ್ಲ, ಸವರಿದ ಮೇಲೆ ಹೊಸ ಚಿಗುರು ಒಂದು ಗೇಣು ಬಂದಿದೆ. ಒಂದು ಕೊಂಬೆ ಮಾತ್ರ ರೇಲಿಂಗಿನ ಹಿಂದೆ ಬಾಗಿದ್ದರಿಂದ ನನ್ನ ಕತ್ತರಿಗೆ ಸಿಕ್ಕಿರಲಿಲ್ಲ, ಅದು ಎರಡಡಿಗೂ ಉದ್ದ ಇದೆ.

ಹಳೆಯ ಚಿತ್ರಗಳನ್ನು ತಾಳೆ ನೋಡಿದೆ. 2 ಮತ್ತು 3 ಬಿಳಿ ದಾರದ್ದು, 4, 5, 6 ಕೆಂಪು ದಾರದ್ದು. ನಾನೇ ಬೇರೆ ಬೇರೆ ಗಿಡದಿಂದ ತೆಗೆದಿದ್ದೆ. ಒಂಬತ್ತು ಹೊಸ ಚಿತ್ರ ಹಾಕಿದ್ದೇನೆ, ಬಿಳಿ ಕಾಗದ ಇಟ್ಟದ್ದು ಬೇರೆ ಎರಡು.

ಗಿಡದಂಗಡಿ (ಜನವರಿ 18)

ಈಗ ಹೇಳಬಹುದು. ಕೆಂಪು, ನೀಲಿ ದಾರದವು ಕಾಕಡ, ಪುಸ್ತಕದ ಹೆಸರು ಜಾಸ್ಮಿನಮ್ ಮಲ್ಟಿಫ್ಲೋರಮ್. ಬಿಳಿ ದಾರದ್ದು ದುಂಡು ಮಲ್ಲಿಗೆಯ ಜಾತಿ, ಜಾಸ್ಮಿನಮ್ ಸಾಂಬಾಕ್. ಏಪ್ರಿಲ್‌ನಲ್ಲಿ ಘಮಘಮ ಅಂದದ್ದು ಬಿಳಿ ದಾರದ್ದು, ಈಗ ಅರಳುತ್ತಿರುವುದು ಇನ್ನೆರಡು. ನಿಮ್ಮ ನೆನಪಿನಲ್ಲಿ ತಪ್ಪೇನಿಲ್ಲ ಅಕ್ಕಾ.

ಇದು ಹೇಗಾಗುತ್ತದೆ ಅಂದರೆ, ಒಂದು ಚೀಲಕ್ಕೆ ಎರಡೋ ಮೂರೋ ಕಡ್ಡಿ ಚುಚ್ಚುತ್ತೇವೆ. ಒಂದು ಕಡ್ಡಿ ಬೇರು ಬಿಡದಿದ್ದರೂ ಚೀಲ ಖಾಲಿಯಾಗಬಾರದು, ಗಿಡವೂ ಬೇಗ ಪೊದೆಯಾಗಿ ಕಾಣಬೇಕು ಅಂತ. ಕಡ್ಡಿ ಕತ್ತರಿಸುವಾಗ ಎಲೆಗಳನ್ನೆಲ್ಲ ಸವರಿ ಕಟ್ಟು ಕಟ್ಟಿ ಬಕೆಟ್ಟಿನ ನೀರಲ್ಲಿ ಇಡುತ್ತಾರೆ. ಎಲೆ ಹೋದ ಬಲಿತ ಕಡ್ಡಿ, ಕಾಕಡದ್ದೂ ದುಂಡಿನದೂ ಅವಸರದಲ್ಲಿ ಒಂದೇ ಹಾಗೆ ಕಾಣುತ್ತವೆ. ಎರಡು ಕಟ್ಟು ಒಂದೇ ಬಕೆಟ್ಟಿಗೆ ಬಿದ್ದರೆ ಮುಗಿಯಿತು. ಮಾರುವಾಗ ಚೀಲದಲ್ಲಿ ದುಂಡಿನ ಎಲೆ ಕಂಡಿರಬೇಕು, ಅದೇ ಹೆಸರು ಬರೆದುಕೊಟ್ಟೆ.

ಬೇಕಾದರೆ ಈ ಕುಂಡ ಹಾಗೇ ಇಟ್ಟುಕೊಳ್ಳಿ, ದುಂಡಿನದೇ ಬೇರೆ ಗಿಡ ಕೊಡುತ್ತೇನೆ. ಅದಕ್ಕೆ ಒಂದೇ ಕಡ್ಡಿಯ ಚೀಲ ಆರಿಸಿಡುತ್ತೇನೆ.

ಇನ್ನು ಸವರುವ ವಿಷಯ. ಹೆಸರು ತಪ್ಪಿದ್ದರಿಂದ ನಿಮಗೆ ನಷ್ಟವಾದದ್ದು ಅಲ್ಲೇ. ದುಂಡು ಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಕಟ್ಟುತ್ತದೆ, ಅದರ ಸುಗ್ಗಿ ಬೇಸಿಗೆ. ನವೆಂಬರ್ ಕೊನೆಗೆ ಒಂದೂವರೆ ಅಡಿಗೆ ಸವರಿದರೆ ಚಳಿ ಕಳೆಯುವ ಹೊತ್ತಿಗೆ ಚಿಗುರು ಬಲಿತು, ಮಾರ್ಚ್‌ನಿಂದ ಹೂ ಕಾಣಿಸುತ್ತದೆ. ಬಿಳಿ ದಾರದ್ದಕ್ಕೆ ನೀವು ಮಾಡಿದ್ದು ಸರಿಯಾಗಿಯೇ ಇದೆ. ಕಾಕಡ ಹಾಗಲ್ಲ. ಮಳೆಗಾಲವಿಡೀ ಕೊಂಬೆ ಬೆಳೆಸಿ, ಚಿಕ್ಕ ಚಿಕ್ಕ ಪಕ್ಕದ ಕವಲುಗಳ ತುದಿಯಲ್ಲಿ ಚಳಿಗೆ ಗೊಂಚಲು ಕಟ್ಟುತ್ತದೆ. ನವೆಂಬರ್ ಕೊನೆಗೆ ಅದನ್ನು ಕತ್ತರಿಸಿದರೆ ಆ ವರ್ಷದ ಗೊಂಚಲೆಲ್ಲ ಕತ್ತರಿಯ ಬಾಯಿಗೆ ಹೋಯಿತು ಅಂತಲೇ ಲೆಕ್ಕ. ಈಗ ಬರುತ್ತಿರುವುದು ಅಳಿದುಳಿದ ಕವಲಿನದು.

ಕಾಕಡವನ್ನು ಈ ಹೂವಿನ ಕಾಲ ಮುಗಿದ ಮೇಲೆ ಸವರಿ, ಫೆಬ್ರವರಿ ಕೊನೆ ಅಥವಾ ಮಾರ್ಚ್. ಅದೂ ಅರ್ಧದಷ್ಟು ಮಾತ್ರ, ಒಣಗಿದ್ದು, ತೆಳ್ಳಗೆ ಒಳಗೆ ತೂರಿದ್ದು ಮೊದಲು ತೆಗೆಯಿರಿ.

ಹಸಿರು ಕೈ (ಜನವರಿ 18)

ಎರಡು ಗಿಡ ಅಂತ ನಾನು ಊಹಿಸಿರಲಿಲ್ಲ, ಒಪ್ಪಿದೆ. ಆದರೆ ಕಾಕಡಕ್ಕೆ ಮಾರ್ಚ್‌ನಲ್ಲೇ ಸವರಬೇಕು ಅನ್ನುವುದನ್ನು ಒಪ್ಪಲಾರೆ. ಬೇಸಿಗೆಯಲ್ಲಿ ತಾರಸಿಯ ಕಾವು ಕುಂಡಕ್ಕೆ ಹೊಡೆಯುತ್ತದೆ, ಆಗ ಬೋಳು ಮಾಡಿದರೆ ಚಿಗುರು ಸುಡುತ್ತದೆ. ಜೂನ್ ಮೊದಲ ಮಳೆಗೆ ಸವರಿದರೂ ಚಳಿಗಾಲಕ್ಕೆ ಐದು ತಿಂಗಳು ಸಿಗುತ್ತದಲ್ಲ.

ಇನ್ನೊಂದು ವಿಷಯ. ಎರಡು ಜಾತಿ ಒಂದೇ ಕುಂಡದಲ್ಲಿ ಯಾಕೆ? ಕುಂಡ ಮಗುಚಿ ಬೇರು ಬಿಡಿಸಿ, ಮೂರೂ ಬೇರೆ ಬೇರೆ ನೆಡಿ. ಅರ್ಧ ಗಂಟೆಯ ಕೆಲಸ.

ಗಿಡದಂಗಡಿ (ಜನವರಿ 19)

ಜೂನ್‌ಗೂ ಆಗುತ್ತದೆ. ಮಾರ್ಚ್‌ನಲ್ಲಿ ಮಾಡಿದರೆ ಕೊಂಬೆ ಹೆಚ್ಚು ಕವಲೊಡೆಯಲು ಸಮಯ ಸಿಗುತ್ತದೆ ಅನ್ನುವುದು ನನ್ನ ಅನುಭವ, ಆದರೆ ನಮ್ಮಲ್ಲಿ ನೆರಳು ಪರದೆ ಇದೆ. ಬಿಸಿ ತಾರಸಿಗೆ ನಿಮ್ಮ ಮಾತು ಸರಿ ಇದ್ದೀತು.

ಗೆಣ್ಣು ಎಣಿಸುವವ (ಜನವರಿ 19)

ಬೇರು ಬಿಡಿಸುವುದಕ್ಕೆ ನಾನು ಬೇಡ ಅನ್ನುತ್ತೇನೆ. ಹದಿನಾಲ್ಕು ತಿಂಗಳು ಹನ್ನೆರಡು ಇಂಚಿನ ಕುಂಡದಲ್ಲಿದ್ದ ಮೂರು ಮಲ್ಲಿಗೆಯ ಬೇರು ಒಂದೇ ಉಂಡೆಯಾಗಿರುತ್ತದೆ. ಎಳೆದರೆ ಹರಿಯುವುದು ನೀರು ಹೀರುವ ಸಣ್ಣ ಬೇರುಗಳೇ. ಬಿಳಿ ದಾರದ್ದು ಈಗ ಚಿಗುರಿನಲ್ಲಿದೆ, ಇನ್ನೆರಡು ತಿಂಗಳಲ್ಲಿ ಹೂ ಬಿಡಬೇಕಾದದ್ದು. ಈ ಹೊತ್ತಿನಲ್ಲಿ ಬೇರು ಹರಿದರೆ ಈ ವರ್ಷದ ಹೂ ಹೋಯಿತು, ಗಿಡವೂ ಹೋಗಬಹುದು.

ಅದರ ಬದಲು ಆ ಎರಡಡಿ ಕೊಂಬೆ ಇದೆಯಲ್ಲ, ಅದನ್ನು ಬಗ್ಗಿಸಿ ಬೇರು ಬರಿಸಿ. ಅದು ಬಿಳಿ ದಾರದ್ದೇ ಅಂತ ಮೊದಲು ಬುಡದಿಂದ ಕೈಯಾಡಿಸಿ ಖಚಿತ ಮಾಡಿಕೊಳ್ಳಿ, ಇಲ್ಲವಾದರೆ ಮತ್ತೆ ಕಾಕಡವೇ ಕೈಗೆ ಬಂದೀತು.

ಪಕ್ಕದಲ್ಲಿ ಎಂಟು ಇಂಚಿನ ಕುಂಡ ಇಡಿ, ಅರ್ಧ ಮರಳು ಬೆರೆಸಿದ ಮಣ್ಣು ತುಂಬಿ. ಕೊಂಬೆಯ ತುದಿಯಿಂದ ಒಂದಡಿ ಹಿಂದೆ, ತೊಗಟೆ ಕಂದು ಬಣ್ಣಕ್ಕೆ ತಿರುಗಿದ, ಪೆನ್ಸಿಲಿನಷ್ಟು ದಪ್ಪದ ಭಾಗ ಬೇಕು. ಪೂರ್ತಿ ಹಸಿರಾಗಿದ್ದರೆ ಕೊಳೆಯುತ್ತದೆ. ಅಲ್ಲೊಂದು ಗೆಣ್ಣಿನ ಕೆಳಮೈಯಲ್ಲಿ ಓರೆಯಾಗಿ ಒಂದಂಗುಲ ಉದ್ದ ಸೀಳಿ. ದಪ್ಪದ ಮೂರನೇ ಒಂದು ಭಾಗಕ್ಕಿಂತ ಆಳಕ್ಕೆ ಹೋದರೆ ಬಗ್ಗಿಸುವಾಗಲೇ ಮುರಿಯುತ್ತದೆ. ಸೀಳು ಮತ್ತೆ ಕೂಡಿಕೊಳ್ಳದಂತೆ ಬೆಂಕಿಕಡ್ಡಿಯ ಚೂರೊಂದನ್ನು ನಡುವೆ ಸಿಕ್ಕಿಸಿ, ಮದ್ದಿನ ತಲೆ ಮುರಿದು ಹಾಕಿ. ಆ ಭಾಗವನ್ನು ಎರಡಂಗುಲ ಆಳಕ್ಕೆ ಹೂಳಿ, ಬಾಗಿಸಿದ ತಂತಿಯಿಂದ ಒತ್ತಿಹಿಡಿದು ಮೇಲೊಂದು ಕಲ್ಲು ಇಡಿ. ತುದಿಯ ಎಲೆಗಳು ಹೊರಗೇ ಇರಲಿ.

ಗಾಳಿಗೆ ಕೊಂಬೆ ಅಲುಗಿದರೆ ಹುಟ್ಟುತ್ತಿರುವ ಬೇರು ಕಡಿಯುತ್ತದೆ. ತಾರಸಿಯಲ್ಲಿ ಕೆಡುವುದು ಹೆಚ್ಚಾಗಿ ಇದರಿಂದಲೇ, ಆದ್ದರಿಂದ ತುದಿಯನ್ನೊಂದು ಕೋಲಿಗೆ ಕಟ್ಟಿ. ಮಣ್ಣು ಯಾವತ್ತೂ ಒಣಗಬಾರದು, ಕೆಸರೂ ಆಗಬಾರದು. ಮೂರು ತಿಂಗಳು ಮುಟ್ಟಬೇಡಿ, ನಾಲ್ಕಾದರೂ ಆಶ್ಚರ್ಯವಿಲ್ಲ. ತುದಿಯಲ್ಲಿ ಹೊಸ ಚಿಗುರು ಬಂದು, ಕೊಂಬೆಯನ್ನು ಮೆಲ್ಲನೆ ಎಳೆದಾಗ ಹಿಡಿದುಕೊಂಡಿದೆ ಅನಿಸಿದರೆ ಬೇರು ಬಂದಿದೆ. ಆಗಲೂ ಒಂದೇ ಸಲ ಕತ್ತರಿಸದೆ, ತಾಯಿಯ ಕಡೆಯಿಂದ ಅರ್ಧ ಕಡಿದು ವಾರ ಬಿಟ್ಟು ಪೂರ್ತಿ ಕಡಿಯಿರಿ.

ಹಸಿರು ಕೈ (ಜನವರಿ 19)

ನಾಲ್ಕು ತಿಂಗಳು ಕಾಯುವುದಕ್ಕಿಂತ ಅಣ್ಣ ಕೊಡುತ್ತೇನೆ ಅಂದ ಗಿಡ ತರುವುದೇ ಲೇಸಲ್ಲವೇ?

ಮೂರನೇ ಮಹಡಿ (ಜನವರಿ 19)

ಅದನ್ನೂ ತರುತ್ತೇನೆ, ಆದರೆ ಏಪ್ರಿಲ್‌ನ ಆ ಘಮ ಈ ಕಡ್ಡಿಯದು. ಅದನ್ನು ಬಿಡಲಾರೆ. ಹಳದಿ ಎಲೆಯ ಬಗ್ಗೆ ಯಾರೂ ಹೇಳಲಿಲ್ಲ. ಎಪ್ಸಮ್ ಸಾಲ್ಟ್ ಹಾಕಲೇ?

ಗೆಣ್ಣು ಎಣಿಸುವವ (ಜನವರಿ 20)

ಬಿಳಿ ಕಾಗದ ಇಟ್ಟ ಎರಡು ಚಿತ್ರ ನೋಡಿದೆ. ಕಾಗದ ಬಿಳಿಯಾಗಿಯೇ ಕಾಣುತ್ತಿದೆ, ಆದ್ದರಿಂದ ಎಲೆಯ ಹಳದಿ ನಿಜ. ಹಳದಿ ಇರುವುದು ಕುಡಿಯ ನಾಲ್ಕೈದು ಎಲೆಯಲ್ಲಿ, ಅದೂ ನರಗಳು ಹಸಿರಾಗೇ ಉಳಿದು ನಡುವಿನ ಜಾಗ ಮಾತ್ರ. ಕೆಳಗಿನ ಹಳೆಯ ಎಲೆಗಳು ಚೆನ್ನಾಗಿವೆ. ಇದು ಕಬ್ಬಿಣದ ಕೊರತೆ. ಎಪ್ಸಮ್ ಸಾಲ್ಟಿನಲ್ಲಿ ಇರುವುದು ಮೆಗ್ನೀಸಿಯಂ. ಅದು ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಎಳೆದು ಹೊಸ ಎಲೆಗೆ ಕೊಡುತ್ತದೆ, ಹಾಗಾಗಿ ಹಳದಿ ಕೆಳಗಿನಿಂದ ಶುರುವಾಗುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಬಾರದು. ಆದ್ದರಿಂದ ಹೊಸದೇ ಮೊದಲು ಹಳದಿಯಾಗುತ್ತದೆ.

ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಕೆಂಪು ಮಣ್ಣಿನಲ್ಲಿ ಧಾರಾಳ ಇರುತ್ತದೆ. ಮಣ್ಣು ಕ್ಷಾರವಾದರೆ ಅದು ಬೇರಿಗೆ ಸಿಗುವುದಿಲ್ಲ. ನಿಮ್ಮ ಬೂದಿ ಮಾಡಿದ್ದು ಅದನ್ನೇ. ಹನ್ನೆರಡು ಇಂಚಿನ ಕುಂಡಕ್ಕೆ ತಿಂಗಳಿಗೊಂದು ಹಿಡಿ ಬೂದಿ ಬಹಳ ಜಾಸ್ತಿ. ಕೊಡುವುದು ಗಡಸು ನೀರಾದರೆ ಅದೂ ಸೇರಿಕೊಂಡಿರುತ್ತದೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಬೂದಿ ಪೂರ್ತಿ ನಿಲ್ಲಿಸಿ. ಸುಣ್ಣ, ಮೊಟ್ಟೆ ಚಿಪ್ಪಿನ ಪುಡಿಯೂ ಬೇಡ.

ಕುಂಡದ ತಳದ ತೂತನ್ನೂ ಕಡ್ಡಿ ತೂರಿಸಿ ನೋಡಿ. ನೀರು ನಿಂತು ಬೇರು ಉಸಿರುಗಟ್ಟಿದರೂ ಇದೇ ಹಳದಿ ಬರುತ್ತದೆ. ಆಗ ಏನು ಸಿಂಪಡಿಸಿದರೂ ವ್ಯರ್ಥ.

ತಕ್ಷಣಕ್ಕೆ ಫೆರಸ್ ಸಲ್ಫೇಟ್, ಅಂದರೆ ಅನ್ನಭೇದಿ, ಲೀಟರಿಗೆ 5 ಗ್ರಾಂ ಕರಗಿಸಿ ಸಂಜೆ ಎಲೆಗಳಿಗೆ ಸಿಂಪಡಿಸಿ. ಹರಳು ತಿಳಿ ಹಸಿರಾಗಿರಬೇಕು. ಡಬ್ಬಿಯಲ್ಲಿ ಕೂತು ಕಂದು ಬಣ್ಣಕ್ಕೆ ತಿರುಗಿದ್ದರೆ ಕೆಲಸಕ್ಕೆ ಬಾರದು. ಕರಗಿಸಿದ ದಿನವೇ ಬಳಸಿ, ಮಳೆನೀರು ಇದ್ದರೆ ಅದರಲ್ಲೇ ಕರಗಿಸಿ. ತಿಂಗಳು ಬಿಟ್ಟು ಇನ್ನೊಮ್ಮೆ. ಮೊದಲು ಒಂದು ಕೊಂಬೆಗೆ ಮಾತ್ರ ಹೊಡೆದು ಎರಡು ದಿನ ಕಾದು ನೋಡುವುದು ಒಳ್ಳೆಯದು. ತಾರಸಿಯ ನೆಲಕ್ಕೆ ಚೀಲ ಹಾಸಿಕೊಳ್ಳಿ, ಬಿದ್ದಲ್ಲಿ ತುಕ್ಕಿನ ಕಲೆ ಕೂರುತ್ತದೆ, ಉಜ್ಜಿದರೂ ಹೋಗದು. ಈಗ ಹಳದಿಯಾದ ಎಲೆ ಪೂರ್ತಿ ಹಸಿರಾಗದೇ ಇರಬಹುದು, ಇನ್ನು ಮೇಲೆ ಹುಟ್ಟುವ ಎಲೆ ಯಾವ ಬಣ್ಣದ್ದು ಅಂತ ನೋಡಿ.

ದಿನಕ್ಕೊಂದು ಕುಂಡ (ಜನವರಿ 20)

ನನ್ನ ಗುಲಾಬಿಗೆ ಎಪ್ಸಮ್ ಸಾಲ್ಟಿನಿಂದಲೇ ಹಸಿರು ಬಂದದ್ದು.

ಗೆಣ್ಣು ಎಣಿಸುವವ (ಜನವರಿ 20)

ಅದರಲ್ಲಿ ಕೆಳಗಿನ ಎಲೆ ಹಳದಿಯಾಗಿದ್ದಿರಬೇಕು. ಹಾಗಿದ್ದರೆ ನೀವು ಹಾಕಿದ್ದು ಸರಿ.

ಗಿಡದಂಗಡಿ (ಜನವರಿ 21)

ಅಕ್ಕಾ, ಮೂರು ಗಿಡಕ್ಕೆ ಹನ್ನೆರಡು ಇಂಚು ಸಾಲದು. ಬೇರು ಬಿಡಿಸದೆ, ಉಂಡೆ ಒಡೆಯದೆ, ಹಾಗೇ ಹದಿನಾರು ಇಂಚಿನ ಕುಂಡಕ್ಕೆ ಇಳಿಸಿ. ಸುತ್ತ ತುಂಬುವ ಮಣ್ಣಿಗೆ ಎರಡು ಹಿಡಿ ಹಳೆಯ ಕಾಂಪೋಸ್ಟ್, ಒಂದು ಹಿಡಿ ಬೇವಿನ ಹಿಂಡಿ ಸಾಕು. ಬಿಳಿ ದಾರದ್ದನ್ನು ಬಿಸಿಲು ಹೆಚ್ಚು ಬೀಳುವ ಕಡೆ ತಿರುಗಿಸಿಡಿ. ದುಂಡಿಗೆ ಆರು ಗಂಟೆ ಬಿಸಿಲು ಬೇಕೇ ಬೇಕು, ಕಾಕಡ ಸ್ವಲ್ಪ ನೆರಳಾದರೂ ಸುಧಾರಿಸಿಕೊಳ್ಳುತ್ತದೆ. ನಿಮ್ಮ ಕಾಕಡ ಮೇಲೆ ಹಬ್ಬಿ ದುಂಡಿಗೆ ನೆರಳು ಮಾಡಿರುವುದು ಚಿತ್ರ 1ರಲ್ಲೇ ಕಾಣುತ್ತಿದೆ. ಆ ಕೊಂಬೆಗಳನ್ನು ರೇಲಿಂಗಿನ ಇನ್ನೊಂದು ಬದಿಗೆ ಕಟ್ಟಿ, ಹೂ ಮುಗಿಯುವವರೆಗೆ ಕತ್ತರಿಸಬೇಡಿ.

ಮೂರನೇ ಮಹಡಿ (ಜನವರಿ 22)

ಕುಂಡದ ಅಂಚಿನಲ್ಲಿ ಬಿಳಿ ಪುಡಿ ಇದೆ. ತೂತು ಸರಿಯಾಗಿದೆ, ನೀರು ಹೋಗುತ್ತಿದೆ. ಬೂದಿ ನಿಲ್ಲಿಸಿದೆ. ಕೊಂಬೆ ನಿನ್ನೆ ಹೂಳಿದ್ದೇನೆ, ಬುಡದಿಂದ ಎರಡು ಸಲ ಕೈಯಾಡಿಸಿ ಬಿಳಿ ದಾರದ್ದೇ ಅಂತ ನೋಡಿಕೊಂಡೆ. ಕೊನೆಯದಾಗಿ ಒಂದು ಕೇಳಲೇ ಅಣ್ಣಾ. ಬಿಳಿ ದಾರದ್ದು ದುಂಡು ಮಲ್ಲಿಗೆಯ ಜಾತಿ ಅಂದಿರಿ, ದುಂಡು ಮಲ್ಲಿಗೆಯೇ ಅನ್ನಲಿಲ್ಲ. ಯಾಕೆ?

ಗಿಡದಂಗಡಿ (ಜನವರಿ 22)

ಆ ಜಾತಿಯಲ್ಲೇ ಒಂಟಿ ಸುತ್ತಿನ ಎಸಳಿನದು, ಎರಡು ಮೂರು ಸುತ್ತಿನದು, ಗುಲಾಬಿಯ ಹಾಗೆ ಉಂಡೆಯಾಗಿ ತುಂಬಿದ್ದು ಎಲ್ಲ ಇವೆ. ಎಲೆ ನೋಡಿ ಇದು ಇಂಥದೇ ಅಂತ ನಾನು ಹೇಳಲಾರೆ. ಗುಲಾಬಿಯಂಥದ್ದರಲ್ಲಿ ಒಂದು ಗೆಣ್ಣಿಗೆ ಮೂರು ಎಲೆ ಬರುವುದುಂಟು. ನಿಮ್ಮದರಲ್ಲಿ ಎರಡೇ ಇವೆ, ಆದ್ದರಿಂದ ಅದು ಇರಲಾರದು ಅಂತ ಊಹೆ. ಉಳಿದದ್ದು ಹೂ ಬಂದ ಮೇಲೆ. ಮೊದಲ ಮೊಗ್ಗು ಅರಳಿದ ರಾತ್ರಿಯೇ ಮೇಲಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಯಿರಿ. ಬೆಳಗಾಗಿ ಬಿಸಿಲೇರಿದರೆ ಎಸಳು ಬಾಡಿ ಸುತ್ತು ಎಣಿಸಲು ಬರುವುದಿಲ್ಲ.

ಗೆಣ್ಣು ಎಣಿಸುವವ (ಜನವರಿ 22)

ಆ ಚಿತ್ರದಲ್ಲೂ ದಾರ ಕಾಣಿಸಲಿ. ಹತ್ತಿ ದಾರವಾದರೆ ಬಿಸಿಲಿಗೆ ಬಣ್ಣ ಹಾರಿ ಮಾರ್ಚ್ ಹೊತ್ತಿಗೆ ಮೂರೂ ಬಿಳಿಯೇ ಆಗುತ್ತವೆ. ಪ್ಲಾಸ್ಟಿಕ್ ವೈರಿನ ಚೂರು ಕಟ್ಟಿ, ಕಾಂಡ ದಪ್ಪವಾಗುವುದಕ್ಕೆ ಒಂದು ಬೆರಳು ಜಾಗ ಬಿಟ್ಟು.

ಮೂರನೇ ಮಹಡಿ (ಜನವರಿ 22)

ಹತ್ತಿ ದಾರವೇ ಕಟ್ಟಿದ್ದೆ. ಬದಲಾಯಿಸುತ್ತೇನೆ.